ಮೂರನೇ ದಿನ ಊದಿದ ಕಣ್ಣು

ಮೇಷ್ಟ್ರ ಬೆನ್ನ ಮೇಲೆ ಬುಧವಾರ ಎರಡು ಗುರುತುಗಳಿದ್ದವು. ಮೇಲಿನದು ಕೆಂಪಗೆ, ಹೊಳಪಾಗಿ, ಅಚ್ಚೊತ್ತಿದ ಹಾಗೆ ದುಂಡಗಿತ್ತು. ಕೆಳಗಿನದು ನನ್ನ ಕಣ್ಣಿಗೆ ಅಷ್ಟಾಗಿ ಕಾಣಲೇ ಇಲ್ಲ. ಎಣ್ಣೆಗಪ್ಪು ಮೈಬಣ್ಣದ ಮೇಲೆ ಒಂದಿಷ್ಟು ನೇರಳೆಯ ಛಾಯೆ, ಅಷ್ಟೇ. ಶುಕ್ರವಾರ ಅದೇ ಬೆನ್ನನ್ನು ನೋಡುವಾಗ ಮೇಲಿನ ಗುರುತು ಹೆಚ್ಚುಕಡಿಮೆ ಮಾಸಿತ್ತು. ಕೆಳಗಿನದು ಮಾತ್ರ ದಪ್ಪವಾಗಿ ಎದ್ದು, ಸಣ್ಣ ಗುಳ್ಳೆಗಳಾಗಿ, ತನ್ನ ಗೆರೆ ದಾಟಿ ಆಚೆಗೂ ಹರಡಿತ್ತು. ಮೇಷ್ಟ್ರಿಗೆ ರಾತ್ರಿಯೆಲ್ಲ ನವೆಯಂತೆ. ಚರ್ಮರೋಗದ ಡಾಕ್ಟರು ಅದರ ಮೇಲೆ ಬೆರಳಾಡಿಸಿ, ನನ್ನನ್ನೂ ಮುಟ್ಟಿ ನೋಡಲು ಕರೆದರು. ಕಪ್ಪು ಚರ್ಮದಲ್ಲಿ ಕೆಂಪನ್ನು ಹುಡುಕುತ್ತ ಕೂತರೆ ಮೋಸ ಹೋಗುತ್ತೇವೆ, ಬೆರಳಿಗೆ ಸಿಗುವ ದಪ್ಪವನ್ನೇ ನಂಬಬೇಕು ಎಂದರು.

ಬೆಂಗಳೂರಿನ ಒಂದು ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಬೇರೆಯದೇ ಲೇಖನದ ನೆಪದಲ್ಲಿ ಹೋಗಿದ್ದವನು ನಾನು. ಆ ಬೆನ್ನು ನೋಡಿದ ಮೇಲೆ ಆ ಲೇಖನ ಮೂಲೆಗೆ ಸೇರಿತು. ಕ್ರೀಮು, ಡೈ, ಕುಂಕುಮ ಹಚ್ಚಿಕೊಂಡು ಮುಖ ಕೆಟ್ಟಾಗ ನಾವೆಲ್ಲ ‘ಅಲರ್ಜಿ’ ಎಂದುಬಿಡುತ್ತೇವೆ. ಅದು ಅಲರ್ಜಿಯೋ, ಬರಿಯ ಚರ್ಮದ ಉರಿಯೋ ಎಂಬುದು ಆ ಎರಡು ವೃತ್ತಗಳಲ್ಲಿ ಎರಡೇ ದಿನದ ಅಂತರದಲ್ಲಿ ಬೇರೆಬೇರೆಯಾಗಿ ನಿಂತಿತ್ತು.

ಮೇಲಿನ ವೃತ್ತದಲ್ಲಿ ಹಾಕಿದ್ದು ಅವರದೇ ಶಾಂಪೂ, ನೀರು ಬೆರೆಸಿದ್ದು. ಕೆಳಗಿನದರಲ್ಲಿ ಪೆಟ್ರೋಲಿಯಂ ಜೆಲ್ಲಿಯಲ್ಲಿ ಕಲೆಸಿದ ಶೇಕಡ 1ರ ಪಿಪಿಡಿ, ಅಂದರೆ ಪ್ಯಾರಾಫಿನೈಲಿನ್‌ಡಯಮಿನ್. ಕೂದಲಿಗೆ ಕಪ್ಪು ಬಣ್ಣ ಕೊಡುವ ಬಹುತೇಕ ಡೈಗಳ ಜೀವಾಳ ಇದೇ. 1880ರ ದಶಕದಿಂದ ಜಗತ್ತಿನ ತಲೆಗಳನ್ನು ಕಪ್ಪು ಮಾಡುತ್ತ ಬಂದಿದೆ.

ಮೇಷ್ಟ್ರ ಕಥೆ ಹೀಗೆ. ಹತ್ತು ಹನ್ನೆರಡು ವರ್ಷದಿಂದ ತಿಂಗಳಿಗೊಮ್ಮೆ ಡೈ. ಏನೂ ಆಗಿರಲಿಲ್ಲ. ಒಂದು ಭಾನುವಾರ ಎಂದಿನಂತೆ ಹಚ್ಚಿಕೊಂಡರು. ಸೋಮವಾರ ಆರಾಮ. ಮಂಗಳವಾರ ಬೆಳಿಗ್ಗೆ ಕಣ್ಣಿನ ರೆಪ್ಪೆಗಳು ಊದಿಕೊಂಡಿದ್ದವು, ಕಿವಿಯ ಹಿಂದೆ ವಿಪರೀತ ತುರಿಕೆ. ಭಾನುವಾರದ ಡೈ ಯಾರಿಗೆ ನೆನಪಾದೀತು? ರಾತ್ರಿ ಏನೋ ಹುಳ ಕಡಿದಿರಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬು ಹಚ್ಚಿದರು, ಒಂದೆರಡು ವಾರದಲ್ಲಿ ಇಳಿಯಿತು. ಮುಂದಿನ ತಿಂಗಳು ಮತ್ತೆ ಡೈ. ಈ ಸಲ ಮಾರನೆಯ ದಿನವೇ ಮುಖ ಊದಿತು, ಕಿವಿಯಿಂದ ನೀರು ಒಸರತೊಡಗಿತು. ಆಗ ಅನುಮಾನ ಬಂದು ಕಂಪನಿ ಬದಲಿಸಿದರು. ‘ಹರ್ಬಲ್’ ಎಂದು ಬರೆದಿದ್ದ ಕಪ್ಪು ಮೆಹಂದಿ ತಂದರು. ಅದೂ ಹಾಗೇ ಆಯಿತು.

“ಇಷ್ಟು ವರ್ಷ ಹಚ್ಚಿದೀನಿ ಮೇಡಂ, ಆಗ ಆಗದ್ದು ಈಗ ಹೇಗಾಗತ್ತೆ?” ಎಂದು ಮೇಷ್ಟ್ರು ಕೇಳಿದರು.

“ಇಷ್ಟು ವರ್ಷ ಹಚ್ಚಿದ್ದಕ್ಕೇ ಆಗಿದ್ದು ಮೇಷ್ಟ್ರೇ.”

ಅಲರ್ಜಿ ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು. ಪಿಪಿಡಿಯ ಕಣ ತೀರ ಚಿಕ್ಕದು, ಚರ್ಮದೊಳಗೆ ಸುಲಭವಾಗಿ ಇಳಿಯುತ್ತದೆ, ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದ ಕಾವಲು ಕೋಶಗಳು ಅದನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ತೋರಿಸುತ್ತವೆ. ಇದು ಪರಕೀಯ ಎಂದು ಅಲ್ಲಿನ ಟಿ ಕೋಶಗಳು ಒಮ್ಮೆ ಗುರುತು ಹಾಕಿಕೊಂಡರೆ ಮುಗಿಯಿತು. ಈ ಕಲಿಕೆಗೆ ಹತ್ತು ದಿನದಿಂದ ಎರಡು ವಾರ ಸಾಕು, ಆದರೆ ಅದು ಯಾವ ಸಲದ ಡೈಗೆ ಶುರುವಾಗುತ್ತದೆ ಎಂದು ಹೇಳಲಾಗದು. ಎರಡನೆಯದಕ್ಕೂ ಆಗಬಹುದು, ಇನ್ನೂರನೆಯದಕ್ಕೂ ಆಗಬಹುದು. ಕಲಿತ ಮೇಲೆ ಪ್ರತಿಸಲ ಹಚ್ಚಿದಾಗಲೂ ಆ ಕೋಶಗಳು ಬಂದು ಸೇರಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ಅದಕ್ಕೇ ಭಾನುವಾರದ ಡೈ ಮಂಗಳವಾರದ ಕಣ್ಣಿನಲ್ಲಿ ಕಾಣಿಸಿದ್ದು.

ಬರಿಯ ಉರಿಯಲ್ಲಿ ಈ ನೆನಪಿನ ವ್ಯವಹಾರವೇ ಇಲ್ಲ. ಸೋಪು, ಆಸಿಡ್ ಇರುವ ಸೀರಮ್, ಮುಖಕ್ಕೆ ತಿಕ್ಕಿದ ನಿಂಬೆರಸ, ಇವು ಚರ್ಮದ ಮೇಲ್ಪದರವನ್ನೇ ನೇರವಾಗಿ ಕೆಡಿಸುತ್ತವೆ. ಸಾಕಷ್ಟು ಕಟುವಾಗಿದ್ದು ಸಾಕಷ್ಟು ಹೊತ್ತು ಇದ್ದರೆ ಯಾರಿಗಾದರೂ, ಮೊದಲ ಸಲವೇ ಆಗುತ್ತದೆ. ನಿಮಿಷಗಳಲ್ಲೋ ಕೆಲವು ಗಂಟೆಗಳಲ್ಲೋ ಚುರುಗುಟ್ಟುತ್ತದೆ, ಉರಿಯುತ್ತದೆ, ಹಚ್ಚಿದಷ್ಟೇ ಜಾಗದಲ್ಲಿ ನಿಲ್ಲುತ್ತದೆ, ತೊಳೆದು ಬಿಟ್ಟರೆ ದಿನದಿನಕ್ಕೆ ಇಳಿಯುತ್ತದೆ. ಅಲರ್ಜಿಯಲ್ಲಿ ಉರಿಗಿಂತ ನವೆ ಮುಂದು. ತೊಳೆದ ಮೇಲೂ ಏರುತ್ತದೆ, ಹಚ್ಚದ ಕಡೆಗೂ ಹಬ್ಬುತ್ತದೆ, ಮುಂದಿನ ಸಲ ಚಿಟಿಕೆಯಷ್ಟೇ ಸಾಕಾಗುತ್ತದೆ. ನಮ್ಮಂಥವರಿಗೆ ಸಿಗುವ ಅತ್ಯುತ್ತಮ ಸುಳಿವು ಈ ಏರಿಳಿತವೇ ಎಂದು ನನಗನ್ನಿಸುತ್ತದೆ. ಆದರೆ ಅದು ಸುಳಿವು ಮಾತ್ರ. ದಿನಾ ಹಚ್ಚುವ ಕ್ರೀಮಿನ ಸಣ್ಣ ಉರಿ ವಾರಗಟ್ಟಲೆ ಎಳೆದಾಡಿ ಅಲರ್ಜಿಯ ಹಾಗೇ ಕಾಣಬಹುದು, ಎರಡೂ ಒಟ್ಟಿಗೆ ಇರಲೂಬಹುದು. ಆಗ ಡಾಕ್ಟರ ಕಣ್ಣಿಗೂ ಅನುಮಾನ ಉಳಿಯುತ್ತದೆ. ಬೆನ್ನಿನ ಪರೀಕ್ಷೆ ಇರುವುದು ಅದಕ್ಕೇ.

ಕಣ್ಣಿನ ವಿಷಯ ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ. ತಲೆಗೆ ಹಚ್ಚಿದ್ದು ಕಣ್ಣಿನಲ್ಲೇಕೆ? ನೆತ್ತಿಯ ಚರ್ಮ ದಪ್ಪ, ಎಷ್ಟೋ ಜನರಲ್ಲಿ ಅದು ಅಲ್ಪಸ್ವಲ್ಪ ತುರಿಸಿ ಸುಮ್ಮನಾಗುತ್ತದೆ. ರೆಪ್ಪೆಯದು ಮೈಯಲ್ಲೇ ತೀರ ತೆಳುವಾದ ಚರ್ಮ. ತೊಳೆಯುವಾಗ ಹರಿದ ನೀರು, ಬೆರಳಿಗಂಟಿದ ಪಸೆ ಅದಕ್ಕೆ ಸಾಕು. ಉಗುರಿನ ಬಣ್ಣದ ಅಲರ್ಜಿಯೂ ಹೀಗೇ, ಬೆರಳಿನಲ್ಲಿ ಏನೂ ಇಲ್ಲದೆ ರೆಪ್ಪೆಯಲ್ಲೋ ಕತ್ತಿನಲ್ಲೋ ಏಳುತ್ತದೆ. ಗಂಡನ ಡೈ ಹೆಂಡತಿಯ ಮುಖದಲ್ಲಿ ಎದ್ದ ಪ್ರಸಂಗಗಳೂ ವೈದ್ಯಕೀಯ ವರದಿಗಳಲ್ಲಿವೆ. ಕಾಜಲ್ ಹಚ್ಚದವರ ರೆಪ್ಪೆ ಪದೇಪದೇ ಊದುತ್ತಿದ್ದರೆ ತಲೆಯನ್ನೂ ಉಗುರನ್ನೂ ವಿಚಾರಿಸಬೇಕು. ಅಷ್ಟೇಕೆ, ಪಕ್ಕದ ದಿಂಬನ್ನೂ!

ಇನ್ನು ಡಬ್ಬಿಯ ಮೇಲಿನ ಎಚ್ಚರಿಕೆ. ಮನೆಗೆ ಬಂದವನು ಡೈ ಪೊಟ್ಟಣಗಳ ಸಣ್ಣಕ್ಷರ ಓದುತ್ತ ಕೂತೆ. ಪಿಪಿಡಿ ಇರುವ ಡೈ ಮೇಲೆ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಎಚ್ಚರಿಕೆ ಇರಬೇಕೆಂದು ನಮ್ಮ 1945ರ ಔಷಧ ಮತ್ತು ಪ್ರಸಾಧನ ನಿಯಮಗಳು ಹೇಳಿದ್ದವು. ಹುಬ್ಬಿಗೆ, ರೆಪ್ಪೆಗೂದಲಿಗೆ ಹಚ್ಚಬೇಡಿ, ಕುರುಡಾಗಬಹುದು ಎಂಬುದು ಅಲ್ಲಿಂದಲೇ ಬಂದದ್ದು. ಅದು ಸರಿ. ಜೊತೆಗೆ ಒಂದು ಪರೀಕ್ಷೆಯನ್ನೂ ಆ ನಿಯಮ ಹೇಳಿಕೊಡುತ್ತಿತ್ತು. ಕಿವಿಯ ಹಿಂದೆ ಅಥವಾ ಮುಂಗೈ ಒಳಭಾಗದಲ್ಲಿ ಕೊಂಚ ಡೈ ಹಚ್ಚಿ, 24 ಗಂಟೆ ಬಿಟ್ಟು ತೊಳೆದು, ಏನೂ ಇಲ್ಲದಿದ್ದರೆ ತೊಂದರೆಯಿಲ್ಲವೆಂದು ಭಾವಿಸಬಹುದು ಎಂದು. ಮೇಷ್ಟ್ರ ಲೆಕ್ಕವನ್ನು ಇದಕ್ಕೆ ಹಾಕಿ ನೋಡಿ. ಭಾನುವಾರ ಹಚ್ಚಿ ಸೋಮವಾರ ನೋಡಿದ್ದರೆ ಅವರು ಪಾಸು! ಈಗ ಕೆಲವು ಪೊಟ್ಟಣಗಳು 48 ಗಂಟೆ ಎನ್ನುತ್ತವೆ, ಅಷ್ಟರ ಮಟ್ಟಿಗೆ ವಾಸಿ. ಆದರೂ ಆಸ್ಪತ್ರೆಯಲ್ಲಿ ಬೆನ್ನನ್ನು 96 ಗಂಟೆಗೆ ಮತ್ತೊಮ್ಮೆ ಓದುತ್ತಾರೆ ಎಂಬುದನ್ನು ಪೊಟ್ಟಣ ಹೇಳುವುದಿಲ್ಲ.

‘ಅಮೋನಿಯಾ ಇಲ್ಲ’ ಎಂಬ ಘೋಷಣೆಯಂತೂ ದೊಡ್ಡಕ್ಷರದಲ್ಲಿರುತ್ತದೆ. ಅಮೋನಿಯಾ ಮೂಗಿಗೆ ಹೊಡೆಯುತ್ತದೆ, ನೆತ್ತಿ ಚುರುಗುಟ್ಟಿಸುತ್ತದೆ. ಅದು ಉರಿಯ ಬಾಬ್ತು. ಅಲರ್ಜಿ ತರುವ ಪಿಪಿಡಿ ಅದೇ ಡಬ್ಬಿಯಲ್ಲಿ ಆರಾಮವಾಗಿ ಕೂತಿರಬಹುದು. ‘ಪಿಪಿಡಿ ಇಲ್ಲ’ ಎಂದಿದ್ದರೂ ಅದರ ದಾಯಾದಿ ಟೊಲುಯಿನ್ ಡಯಮಿನ್ ಇರಬಹುದು, ಪಿಪಿಡಿ ಆಗದ ಹಲವರಿಗೆ ಅದೂ ಆಗುವುದಿಲ್ಲ. ಮೆಹಂದಿಯ ವಿಷಯ ಇನ್ನೂ ಸರಳ. ಶುದ್ಧ ಗೋರಂಟಿ ಸೊಪ್ಪು ಕೆಂಪು ಕಿತ್ತಳೆ ಬಣ್ಣವನ್ನಷ್ಟೇ ಕೊಡುತ್ತದೆ, ಅದೂ ನಿಧಾನವಾಗಿ. ಕಡುಗಪ್ಪಾಗಿ ಹತ್ತುವ ಮೆಹಂದಿಯಲ್ಲಿ ಪಿಪಿಡಿ ಬೆರೆತಿರುವ ಸಂಭವವೇ ಹೆಚ್ಚು. ಮದುವೆಮನೆಯಲ್ಲಿ ಕೈಗೆ ಹಾಕಿಸಿಕೊಂಡ ಕಪ್ಪು ಮೆಹಂದಿಯಿಂದ ಅಲರ್ಜಿ ಕಲಿತು, ಮುಂದೆ ಮೊದಲ ಡೈಗೇ ಮುಖ ಊದಿಸಿಕೊಂಡವರಿದ್ದಾರೆ. ಒಮ್ಮೆ ಹಾಗೆ ಆದವರು ಕಿವಿಯ ಹಿಂದಿನ ಪ್ರಯೋಗವನ್ನೂ ಮಾಡಬಾರದು.

ಬೆನ್ನಿನ ಪರೀಕ್ಷೆಗೆ ಪ್ಯಾಚ್ ಟೆಸ್ಟ್ ಎನ್ನುತ್ತಾರೆ. 1895ರಲ್ಲಿ ಯಾಡಾಸ್ಸೋನ್ ಎಂಬ ಜರ್ಮನ್ ಚರ್ಮವೈದ್ಯರು ಪಾದರಸದ ಔಷಧಿಯಿಂದ ಗಂಧೆ ಎದ್ದವರ ಮೇಲೆ ಪಾದರಸವನ್ನೇ ಹಚ್ಚಿ ಈ ವಿಧಾನ ತೋರಿಸಿಕೊಟ್ಟರು. ತತ್ವ ಇಂದಿಗೂ ಅದೇ. ಸೋಮವಾರ ಗುಂಡಿಯಷ್ಟಗಲದ ಪುಟ್ಟ ಅಲ್ಯೂಮಿನಿಯಂ ಬಟ್ಟಲುಗಳಲ್ಲಿ ಒಂದೊಂದು ಪದಾರ್ಥ ತುಂಬಿ ಬೆನ್ನಿಗೆ ಅಂಟಿಸುತ್ತಾರೆ. ಬುಧವಾರ ಕಿತ್ತು ಓದುತ್ತಾರೆ, ಶುಕ್ರವಾರ ಮತ್ತೆ ಓದುತ್ತಾರೆ. ಅಲ್ಲಿಯವರೆಗೆ ಬೆನ್ನಿಗೆ ನೀರು, ಬೆವರು ಸೋಕಬಾರದು. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ, ಬೆನ್ನಿಗೆ ಸ್ಟೀರಾಯ್ಡ್ ಮುಲಾಮು ಹಚ್ಚಿದ್ದರೆ ಫಲಿತಾಂಶ ಸುಳ್ಳಾಗಬಹುದು. ನೂರಾರು ಪದಾರ್ಥಗಳ ಪಟ್ಟಿ ಕೊಡುವ ರಕ್ತಪರೀಕ್ಷೆಯ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ಅವು ಅಳೆಯುವುದು ತಕ್ಷಣದ ಅಲರ್ಜಿಯ ಪ್ರತಿಕಾಯಗಳನ್ನು. ಈ ನಿಧಾನದ ಅಲರ್ಜಿ ರಕ್ತದಲ್ಲಿ ಹಾಗೆ ಸಿಗುವುದಿಲ್ಲ. ಆ ದುಡ್ಡು ದಂಡ.

ಹಾಗಾದರೆ ಯಾವಾಗ ಡಾಕ್ಟರ ಹತ್ತಿರ ಹೋಗಬೇಕು? ಚುರುಗುಟ್ಟಿದ ಕೂಡಲೇ ಧಾರಾಳ ನೀರಿನಲ್ಲಿ ತೊಳೆದುಬಿಡಿ, ಮುಖಕ್ಕೆ ಹಾಕುವ ಬೇರೆಲ್ಲವನ್ನೂ ನಿಲ್ಲಿಸಿ, ತಣ್ಣೀರಿನ ಬಟ್ಟೆ ಇಡಿ, ಬೇಕಾದರೆ ಬರಿಯ ಪೆಟ್ರೋಲಿಯಂ ಜೆಲ್ಲಿ ಸವರಿ. ದಿನೇದಿನೇ ಇಳಿಯುತ್ತಿದ್ದರೆ ಕಾಯಬಹುದು. ಒಂದು ವಾರವಾದರೂ ಹೋಗದಿದ್ದರೆ, ನಿಲ್ಲಿಸಿದ ಮೇಲೂ ಏರುತ್ತಿದ್ದರೆ, ಹಚ್ಚದ ಕಡೆಗೆ ಹಬ್ಬಿದರೆ ಚರ್ಮದ ಡಾಕ್ಟರಿಗೆ ತೋರಿಸಬೇಕು. ರೆಪ್ಪೆ ಅಥವಾ ಮುಖ ಊದಿದರೆ, ನೀರುಗುಳ್ಳೆ ಎದ್ದರೆ, ಕೀವು, ಜ್ವರ ಬಂದರೆ, ಕಣ್ಣು ನೋಯುತ್ತಿದ್ದರೆ, ದೃಷ್ಟಿ ಮಂಜಾದರೆ ಅಂದೇ ಹೋಗಬೇಕು. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದು, ತುಟಿ ನಾಲಿಗೆ ಊತ, ಉಸಿರಾಟಕ್ಕೆ ತೊಂದರೆಯಾದರೆ ಅದು ಬೇರೆಯೇ ಬಗೆ, ಅಪರೂಪದ್ದು. ಆಗ ನೇರ ತುರ್ತು ವಿಭಾಗ.

ಮೆಡಿಕಲ್ ಶಾಪಿನ ಟ್ಯೂಬಿನ ಬಗ್ಗೆ ಡಾಕ್ಟರು ಬೇಸರದಿಂದಲೇ ಮಾತಾಡಿದರು. ಅದರಲ್ಲಿ ಸಾಮಾನ್ಯವಾಗಿ ಜೋರಾದ ಸ್ಟೀರಾಯ್ಡ್ ಇರುತ್ತದೆ. ಊತ ಇಳಿಯುತ್ತದೆ, ಗುಣವಾಯಿತು ಎಂದು ನಂಬಿ ಮತ್ತೆ ಡೈ ಹಚ್ಚುತ್ತಾರೆ. ಮುಖಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಬಿಟ್ಟ ಕೂಡಲೇ ಕೆರಳುವ ಇನ್ನೊಂದು ಕಾಯಿಲೆ ಅಂಟುತ್ತದೆ. ಅದೇ ಸ್ಟೀರಾಯ್ಡನ್ನು ಡಾಕ್ಟರು ಅಳತೆ ನೋಡಿ, ಕೆಲವೇ ದಿನಕ್ಕೆಂದು ಬರೆದುಕೊಟ್ಟರೆ ಅದೇ ಚಿಕಿತ್ಸೆ. ಅವರು ರೋಗಿಗಳಿಂದ ಬಯಸುವುದು ಇಷ್ಟೇ: ದದ್ದು ಇದ್ದಾಗ ದಿನಕ್ಕೊಂದು ಫೋಟೊ, ಯಾವ ದಿನ ಏನು ಹಚ್ಚಿದ್ದು ಎಂಬ ನೆನಪು, ಡಬ್ಬಿಯನ್ನು ಬಿಸಾಡದೆ ಜೊತೆಗೆ ತರುವುದು.

ಮೇಷ್ಟ್ರಿಗೆ ಒಂದು ಚೀಟಿ ಬರೆದುಕೊಟ್ಟರು. ಪಿಪಿಡಿ ಜೀವನಪೂರ್ತಿ ಬೇಡ. ಪಿಪಿಡಿ ಆಗದ ಕೆಲವರಿಗೆ ಬೆಂಜೊಕೇನ್ ಎಂಬ ಮರಗಟ್ಟಿಸುವ ಔಷಧವೂ ಆಗದು, ಆದ್ದರಿಂದ ಹಲ್ಲಿನ ಡಾಕ್ಟರಿಗೂ ಚೀಟಿ ತೋರಿಸಬೇಕು. ಕ್ಷೌರದ ಅಂಗಡಿಯವರಿಗೂ ಹೇಳಬೇಕು. ಮೇಷ್ಟ್ರು ಓದಿ ಮಡಚಿ ಜೇಬಿಗಿಟ್ಟರು. ಎದ್ದವರು ಬಾಗಿಲ ಬಳಿ ತಿರುಗಿ ನಿಂತರು.

“ಮೇಡಂ, ತಲೆಗೆ ಬೇಡ, ಒಪ್ಪಿದೆ. ಮೀಸೆಗೆ ಮಾತ್ರ ಬ್ರಷ್‌ನಲ್ಲಿ ಒಂಚೂರು...?”

“ಒಂಚೂರೂ ಇಲ್ಲ. ನಿಮ್ಮ ಬೆನ್ನಿಗೆ ಹಾಕಿದ್ದು ಎಷ್ಟಿತ್ತು ಅಂದ್ಕೊಂಡಿದೀರಿ? ಮೀಸೆಗೆ ಹಚ್ಚಿದರೆ ಊದೋದು ತುಟಿ ಮೇಷ್ಟ್ರೇ.”