ಈ ಸಲ ಕಾರಹುಣ್ಣಿಮೆ ಇಷ್ಟು ತಡ ಯಾಕೆ? ಅಧಿಕ ಮಾಸದ ಲೆಕ್ಕ ಇಲ್ಲಿದೆ

2025ರಲ್ಲಿ ಕಾರಹುಣ್ಣಿಮೆ ಜೂನ್ 11ರ ಹೊತ್ತಿಗೇ ಮುಗಿದಿತ್ತು. 2026ರಲ್ಲಿ ಅದು ಜೂನ್ 29ಕ್ಕೆ ಹೋಗಿದೆ. ಅದಕ್ಕೂ ಮೊದಲು ಮೇ 31ಕ್ಕೆ ಇನ್ನೊಂದು ಹುಣ್ಣಿಮೆ ಇದೆ, ಅದೂ ಜ್ಯೇಷ್ಠದ್ದೇ. ಹಾಗಾದ್ರೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚೋದು ಯಾವತ್ತು? ಜೂನ್ 29ಕ್ಕೆ. ಮೇ 31ರದ್ದು ಅಧಿಕ ಮಾಸದ ಹುಣ್ಣಿಮೆ, ಹಬ್ಬಕ್ಕೆ ಲೆಕ್ಕ ಇಲ್ಲ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಇಂಥ 12 ತಿಂಗಳು ಸೇರಿದ್ರೆ 354 ದಿನ ಆಗುತ್ತೆ. ಆದ್ರೆ ಮಳೆ, ಚಳಿ, ಬೇಸಿಗೆ ನಡೆಯೋದು ಸೂರ್ಯನ 365 ದಿನದ ಲೆಕ್ಕದಲ್ಲಿ. ಅಂದ್ರೆ ಹಬ್ಬಗಳು ಪ್ರತಿ ವರ್ಷ 11 ದಿನ ಹಿಂದಕ್ಕೆ ಸರೀತಾವೆ. ಹಾಗೇ ಬಿಟ್ಟರೆ ಮುಂಗಾರಿನ ಕಾರಹುಣ್ಣಿಮೆ ಕೆಲವೇ ವರ್ಷದಲ್ಲಿ ಉರಿಬಿಸಿಲಿಗೆ, ಆಮೇಲೆ ಚಳಿಗಾಲಕ್ಕೆ ಬರುತ್ತಿತ್ತು. ರಂಜಾನ್ ಎಲ್ಲಾ ಕಾಲದಲ್ಲೂ ಬರೋದು ಇದಕ್ಕೇ, ಇಸ್ಲಾಮಿ ಪಂಚಾಂಗದಲ್ಲಿ ತಿಂಗಳು ಸೇರಿಸೋದಿಲ್ಲ.

ನಮ್ಮ ಪಂಚಾಂಗದಲ್ಲಿ ಆ 11 ದಿನಗಳು ಕೂಡುತ್ತಾ ಹೋಗಿ, ಸರಾಸರಿ ಮೂವತ್ತೆರಡೂವರೆ ತಿಂಗಳಿಗೆ ಒಂದು ತಿಂಗಳಷ್ಟಾಗುತ್ತವೆ. ಆಗ ಒಂದು ತಿಂಗಳು ಹೆಚ್ಚಿಗೆ ಸೇರುತ್ತೆ. ಯಾವ ತಿಂಗಳು ಅನ್ನೋದನ್ನ ಯಾರೂ ಮನಸ್ಸಿಗೆ ಬಂದ ಹಾಗೆ ಆರಿಸಲ್ಲ. ಅದಕ್ಕೆ ಇರೋದು ಒಂದೇ ನಿಯಮ: ಎರಡು ಅಮಾವಾಸ್ಯೆಗಳ ನಡುವೆ ಸಂಕ್ರಮಣ ಬರದಿದ್ದರೆ, ಅಂದ್ರೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟದಿದ್ದರೆ, ಅದು ಅಧಿಕ ಮಾಸ.

2026ರದ್ದನ್ನೇ ನೋಡಿ. ಸೂರ್ಯ ವೃಷಭಕ್ಕೆ ಬಂದಿದ್ದು ಮೇ 15ಕ್ಕೆ. ಅಮಾವಾಸ್ಯೆ ಮುಗಿದಿದ್ದು ಮೇ 16ರ ರಾತ್ರಿ ಒಂದೂವರೆ ಸುಮಾರಿಗೆ. ಮುಂದಿನ ಅಮಾವಾಸ್ಯೆ ಮುಗಿಯೋದು ಜೂನ್ 15ರ ಬೆಳಿಗ್ಗೆ ಎಂಟೂವರೆ ಹೊತ್ತಿಗೆ. ಸೂರ್ಯ ಮಿಥುನಕ್ಕೆ ಕಾಲಿಡೋದು ಅದೇ ದಿನ ಮಧ್ಯಾಹ್ನ ಒಂದರ ಸುಮಾರಿಗೆ. ಬರೀ ನಾಲ್ಕೂವರೆ ಗಂಟೆ ಅಂತರ! ಆ ತಿಂಗಳಿಗೆ ಸಂಕ್ರಮಣ ಸಿಗಲಿಲ್ಲ. ಹಾಗಾಗಿ ಮುಂದಿನ ತಿಂಗಳ ಹೆಸರನ್ನೇ ಅದಕ್ಕೂ ಇಟ್ಟು ‘ಅಧಿಕ ಜ್ಯೇಷ್ಠ’ ಅಂದರು. ಸಂಕ್ರಮಣ ಇರೋ ಮುಂದಿನ ತಿಂಗಳು ‘ನಿಜ ಜ್ಯೇಷ್ಠ’, ಕಾರಹುಣ್ಣಿಮೆ ಇದರದ್ದು.

ಅಧಿಕ ಮಾಸ ಹೆಚ್ಚಾಗಿ ಬೇಸಿಗೆ, ಮಳೆಗಾಲದ ತಿಂಗಳುಗಳಲ್ಲೇ ಬರೋದಕ್ಕೂ ಕಾರಣ ಇದೆ. ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರ ಇರುತ್ತೆ, ಆಗ ಅದರ ಓಟ ನಿಧಾನ. ನಮಗೆ ಸೂರ್ಯ ಮಿಥುನ ರಾಶಿ ದಾಟೋಕೆ ಮೂವತ್ತೊಂದೂವರೆ ದಿನ ತಗೊಂಡಂತೆ ಕಾಣುತ್ತೆ. ಚಂದ್ರನ ತಿಂಗಳು ಅಷ್ಟರೊಳಗೆ ಪೂರ್ತಿ ಮುಗಿದುಹೋಗಬಹುದು.

ಮೇ 17ರಿಂದ ಜೂನ್ 15ರವರೆಗೆ ಮದುವೆ ಮುಹೂರ್ತ ಇಲ್ಲದೆ ಕಲ್ಯಾಣ ಮಂಟಪ, ಶಾಮಿಯಾನ, ಅಡುಗೆಯವರಿಗೆ ಸೀಸನ್‌ನಲ್ಲೇ ಕೆಲಸ ಕಡಿಮೆ. ಆದ್ರೆ ಬಿತ್ತನೆ ಒಂದು ತಿಂಗಳು ಮುಂದಕ್ಕೆ ಹೋಗುತ್ತೆ ಅಂತ ರೈತರು ಅಂದುಕೊಳ್ಳಬೇಕಿಲ್ಲ. ರೋಹಿಣಿ, ಮೃಗಶಿರ, ಆರಿದ್ರ ಮಳೆಗಳು ಸೂರ್ಯನ ಲೆಕ್ಕದವು. ಮೃಗಶಿರ ಪ್ರತಿ ವರ್ಷದಂತೆ ಜೂನ್ ಮೊದಲ ವಾರದ ಕೊನೆಗೇ ಕೂಡುತ್ತೆ.

ಮುಂದಿನ ಅಧಿಕ ಮಾಸ 2029ರ ಚೈತ್ರದಲ್ಲಿ. ಅಲ್ಲಿವರೆಗೆ ಕಾರಹುಣ್ಣಿಮೆ ಮತ್ತೆ ವರ್ಷಕ್ಕೆ 11 ದಿನದಂತೆ ಹಿಂದೆ ಸರಿಯುತ್ತೆ.