ಗಾಜಿನ ಕೊಳೆ ಕಳೆದು ಗುಡ್ಡ ಕಾಣುವ ಬಗೆ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಹಳಿ ಸುಮಾರು 55 ಕಿ.ಮೀ. ಉದ್ದ. ಅಷ್ಟರಲ್ಲೇ 57 ಸುರಂಗಗಳು. ಮಳೆಗಾಲದಲ್ಲಿ ಈ ದಾರಿಯ ರೈಲು ಹತ್ತಿದವರು ಫೋನು ಕೆಳಗಿಡುವುದಿಲ್ಲ. 2021ರಲ್ಲಿ ಯಶವಂತಪುರ–ಮಂಗಳೂರು ಹಗಲು ರೈಲಿಗೆ ವಿಸ್ಟಾಡೋಮ್ ಬೋಗಿ ಬಂದ ಮೇಲಂತೂ ಗಾಜು ಇನ್ನೂ ದೊಡ್ಡದಾಯಿತು. ಆದರೆ ಅದು ತೆರೆಯುವ ಕಿಟಕಿಯಲ್ಲ. ಒಳಗಿನಿಂದ ಕರವಸ್ತ್ರದಲ್ಲಿ ಎಷ್ಟು ಉಜ್ಜಿದರೂ ಹೊರಮೈಯ ಧೂಳಿನ ಕಲೆ, ಮಳೆಹನಿ ಎರಡೂ ಅಲ್ಲೇ ಇರುತ್ತವೆ, ಮನೆಗೆ ಬಂದು ನೋಡಿದರೆ ಫೋಟೋದಲ್ಲೂ ಇರುತ್ತವೆ.

ಕಲೆ ಮತ್ತು ಹನಿ ನೋಡಲು ಒಂದೇ ಬಗೆಯ ಕಿರಿಕಿರಿ ಅನ್ನಿಸಿದರೂ ಅವು ಮಾಡುವ ಹಾನಿ ಬೇರೆ ಬೇರೆ. ಧೂಳಿನ ಕಲೆ ತೆಳು ಪರದೆಯ ಹಾಗೆ. ಗುಡ್ಡದಿಂದ ಬರುವ ಬೆಳಕಿನಲ್ಲಿ ಒಂದು ಪಾಲನ್ನು ತಡೆಯುತ್ತದೆ, ತನ್ನ ಮೇಲೆ ಬಿದ್ದ ಆಕಾಶದ ಬೆಳಕನ್ನು ಚದುರಿಸಿ ಅದಕ್ಕೆ ಬೆರೆಸುತ್ತದೆ. ಹಾಲಿಗೆ ನೀರು ಬೆರೆತ ಹಾಗೆ ಚಿತ್ರ ತೆಳ್ಳಗಾಗುತ್ತದೆ, ಆದರೆ ಹಾಲು ಎಲ್ಲಿಗೂ ಹೋಗಿರುವುದಿಲ್ಲ. ಮಳೆಹನಿ ಹಾಗಲ್ಲ, ಅದೊಂದು ಪುಟ್ಟ ಮಸೂರ. ಹನಿಯೊಳಗೆ ಇಡೀ ಹೊರಲೋಕ ತಲೆಕೆಳಗಾಗಿ ಕಾಣುತ್ತದೆ; ಅದಕ್ಕೇ ಹನಿಯ ಕೆಳಭಾಗದಲ್ಲಿ ಆಕಾಶದ ಬಿಳುಪು, ಮೇಲ್ಭಾಗದಲ್ಲಿ ನೆಲದ ಕಪ್ಪು. ಹನಿಯ ಹಿಂದೆ ಇದ್ದ ಮರ ಆ ಜಾಗದಲ್ಲಿ ದಾಖಲಾಗಿಯೇ ಇರುವುದಿಲ್ಲ. ಹಾಗಾಗಿ ಕಲೆಯನ್ನು ಲೆಕ್ಕ ಹಾಕಿ ತೆಗೆಯಬಹುದು. ಹನಿಯ ಜಾಗಕ್ಕೆ ಮಾತ್ರ ಬೇರೆಲ್ಲಿಂದಲೋ ಏನಾದರೂ ತಂದು ತುಂಬಬೇಕು.

ಮೊದಲು ಲೆಕ್ಕ. ಫೋಟೋದ ಪ್ರತಿ ಚುಕ್ಕೆಗೂ ಕಪ್ಪಾದರೆ 0, ಬಿಳಿಯಾದರೆ 255 ಎಂಬಂತೆ ಅಂಕಿ ಇರುತ್ತದೆ. ಒಂದು ಕಲೆ ಕಪ್ಪು ಬಂಡೆಯ ಮೇಲೂ ಬಿಳಿ ಮೋಡದ ಮೇಲೂ ಹಬ್ಬಿದೆ ಅನ್ನೋಣ. ಶುಭ್ರ ಗಾಜಿನ ಭಾಗದಲ್ಲಿ ಬಂಡೆಯ ಅಂಕಿ 20, ಮೋಡದ್ದು 220. ಕಲೆಯ ಹಿಂದೆ ಅದೇ ಬಂಡೆ 70, ಅದೇ ಮೋಡ 190. ಅಂದರೆ 200ರಷ್ಟಿದ್ದ ಅಂತರ 120ಕ್ಕೆ ಕುಗ್ಗಿದೆ: ಗುಡ್ಡದ ಬೆಳಕಿನಲ್ಲಿ ಕಲೆ ದಾಟಿ ಬಂದದ್ದು 0.6 ಪಾಲು. ಬಂಡೆಯ 20ರಲ್ಲಿ 0.6 ಪಾಲು ಎಂದರೆ 12. ಉಳಿದ 58 ಧೂಳು ತಾನಾಗಿ ಸೇರಿಸಿದ ಬೆಳಕು. ಇನ್ನು ಕೆಲಸ ಸುಲಭ. ಕಲೆಯೊಳಗಿನ ಪ್ರತಿ ಅಂಕಿಯಿಂದ 58 ಕಳೆದು 0.6ರಿಂದ ಭಾಗಿಸಿದರೆ ಆಯಿತು.

ಇದನ್ನು ಕೈಯಿಂದ ಮಾಡಬೇಕಿಲ್ಲ. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಕಲೆಯನ್ನಷ್ಟೇ ಗುರುತಿಸಿಕೊಂಡು, ಗುರುತಿನ ಅಂಚನ್ನು ಮೆತ್ತಗಾಗಿಸಿ, `Levels` ತೆರೆದು ಎಡದ ಬಾಣವನ್ನು 58ಕ್ಕೆ, ಬಲದ ಬಾಣವನ್ನು 211ಕ್ಕೆ ಇಟ್ಟರೆ ಅದೇ ಲೆಕ್ಕ ನಡೆಯುತ್ತದೆ. (255ರ 0.6 ಪಾಲಿಗೆ 58 ಕೂಡಿಸಿದರೆ 211.) ಧೂಳು ಕೆಂಪಾಗಿದ್ದರೆ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ಅಂಕಿ ಹಿಡಿಯಬೇಕು, ಇಲ್ಲವಾದರೆ ಮೋಡದಲ್ಲಿ ಕೆಂಪು ಛಾಯೆ ಉಳಿಯುತ್ತದೆ. ಫೋನಿನ ಜೆಪಿಜಿ ಚಿತ್ರದಲ್ಲಿ ಅಂಕಿಗಳು ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದುವುದಿಲ್ಲ, ಆದ್ದರಿಂದ ನಡುವಿನ ಛಾಯೆಗಳು ಚೂರು ತಪ್ಪುತ್ತವೆ. ನಡುವಣ ಬಾಣವನ್ನು ಕಣ್ಣಂದಾಜಿನಲ್ಲಿ ಸರಿಸಿದರೆ ಸಾಕು. ಕಲೆಯ ಸುತ್ತ ಕಪ್ಪು ಉಂಗುರ ಎದ್ದರೆ ಅಂಚಿನಲ್ಲಿ ಹೆಚ್ಚು ಕಳೆದಿದ್ದೇವೆ ಎಂದರ್ಥ, ಏಕೆಂದರೆ ಕಲೆ ಅಂಚಿನಲ್ಲಿ ತೆಳು. ಇನ್ನೊಂದು ಬೆಲೆಯೂ ತೆರಬೇಕು. 0.6ರಿಂದ ಭಾಗಿಸಿದಾಗ ಚಿತ್ರದ ಜೊತೆ ಅದರೊಳಗಿನ ತರಿತರಿಯೂ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಹೆಚ್ಚುತ್ತದೆ. 0.1 ಪಾಲಷ್ಟೇ ಬೆಳಕು ದಾಟುವ ದಪ್ಪ ಕೊಳೆಯಾದರೆ ಆ ತರಿ ಹತ್ತು ಪಟ್ಟಾಗುತ್ತದೆ. ಅಲ್ಲಿ ಲೆಕ್ಕ ಬಿಡುವುದೇ ಮೇಲು.

ಹನಿಗೆ ಸಾಮಾನ್ಯ ಮದ್ದು ತೇಪೆ. `Heal` ಉಪಕರಣ ಪಕ್ಕದ ಎಲೆ, ಮಂಜನ್ನು ತಂದು ಹನಿಯ ಮೇಲೆ ಅಂಟಿಸಿ ಬಣ್ಣ ಹೊಂದಿಸುತ್ತದೆ. ಕಾಡಿನ ಹಸಿರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಸೇತುವೆಯ ಕಬ್ಬಿಣದ ತೊಲೆಯ ಮೇಲೆ ಹನಿ ಬಿದ್ದಿದ್ದರೆ ಮಾತ್ರ ಗೆರೆ ಸೊಟ್ಟಗಾಗಿ ಗುಟ್ಟು ರಟ್ಟಾಗುತ್ತದೆ.

ನಿಜವಾದ ಮರವೇ ಬೇಕು ಎನ್ನುವವರಿಗೆ ಬೇರೆ ದಾರಿಯಿದೆ, ಆದರೆ ಅದು ಫೋಟೋ ತೆಗೆಯುವಾಗಲೇ ನೆನಪಾಗಬೇಕು. ಎಡಕುಮೇರಿಯಂಥ ನಿಲ್ದಾಣದಲ್ಲಿ ಎದುರಿನ ಗಾಡಿಗೆ ದಾರಿ ಬಿಡಲು ರೈಲು ನಿಂತಿದೆ ಅನ್ನಿ. ಫೋನನ್ನು ಗಾಜಿನಿಂದ 10 ಸೆಂ.ಮೀ. ದೂರ ಹಿಡಿದು, ಪ್ರತಿ ಸಲ ಒಂದು ಸೆಂಟಿಮೀಟರ್ ಅತ್ತಿತ್ತ ಸರಿಸುತ್ತ ಏಳು ಫೋಟೋ ತೆಗೆಯಬೇಕು. ಫೋನು ಒಂದು ಸೆಂಟಿಮೀಟರ್ ಸರಿದರೆ ಗಾಜಿನ ಮೇಲಿನ ಹನಿ ಚಿತ್ರದ ಅಗಲದ ಹನ್ನೆರಡನೇ ಒಂದು ಭಾಗದಷ್ಟು ಜಾರುತ್ತದೆ. ಅರ್ಧ ಕಿಲೋಮೀಟರ್ ಆಚೆಯ ಗುಡ್ಡ ಒಂದು ಚುಕ್ಕೆಯಷ್ಟೂ ಅಲುಗುವುದಿಲ್ಲ. ಕೈನಡುಕಕ್ಕೆ ಆಗುವ ಅಲುಗಾಟವನ್ನು ಕಂಪ್ಯೂಟರು ಸರಿಹೊಂದಿಸುತ್ತದೆ.

ಈಗ ಗುಡ್ಡದ ಒಂದೇ ಚುಕ್ಕೆಯನ್ನು ಏಳೂ ಚಿತ್ರಗಳಲ್ಲಿ ನೋಡಿದರೆ 92, 94, 91, 178, 93, 90, 95 ಎಂದು ಬಂದಿರುತ್ತದೆ. ನಾಲ್ಕನೆಯ ಚಿತ್ರದಲ್ಲಿ ಅಲ್ಲಿಗೆ ಹನಿ ಅಡ್ಡ ಬಂದಿತ್ತು. ಸರಾಸರಿ ತೆಗೆದರೆ ಸುಮಾರು 105, ಹನಿಯ ನೆರಳು ಉಳಿದೇ ಬಿಡುತ್ತದೆ. ಅದರ ಬದಲು ಏಳನ್ನೂ ಏರಿಕೆಯಲ್ಲಿ ಸಾಲಾಗಿಟ್ಟು ನಟ್ಟನಡುವಿನದನ್ನು ಆರಿಸಿದರೆ 93. ಹನಿ ಮಂಗಮಾಯ! ಹ್ಯೂಗಿನ್ ಮತ್ತು ಇಮೇಜ್‌ಮ್ಯಾಜಿಕ್ ಎಂಬ ಎರಡು ಉಚಿತ ತಂತ್ರಾಂಶಗಳಿದ್ದರೆ ಕೆಲಸ ಎರಡೇ ಸಾಲು:

```
align_image_stack -a hill_ *.jpg
magick hill_*.tif -evaluate-sequence median out.tif
```

ಏಳರಲ್ಲಿ ನಾಲ್ಕು ಸಲ ಅದೇ ಚುಕ್ಕೆಯ ಮೇಲೆ ಹನಿ ಬಂದರೆ ಈ ಉಪಾಯ ಸೋಲುತ್ತದೆ, ಆದ್ದರಿಂದ ಜಡಿಮಳೆಯಲ್ಲಿ ಇದು ನಡೆಯದು. ಹಳಿಯ ಪಕ್ಕದ ಮರವೂ ಹನಿಯಂತೆಯೇ ಸ್ವಲ್ಪ ಜಾರುವುದರಿಂದ ಅದು ಕಲಸಿಹೋಗುತ್ತದೆ. ಕೆಲವೊಮ್ಮೆ ಕಂಪ್ಯೂಟರು ಗುಡ್ಡವನ್ನು ಬಿಟ್ಟು ಹನಿಗಳನ್ನೇ ಒಂದರ ಮೇಲೊಂದು ಕೂರಿಸಿಬಿಡುತ್ತದೆ. ಹನಿ ಸ್ಪಷ್ಟವಾಗಿ, ಗುಡ್ಡ ಮಸುಕಾಗಿ ಬಂದರೆ ಆದದ್ದು ಇದೇ.

ಕೈಯಲ್ಲಿರುವುದು ಒಂದೇ ಫೋಟೋ ಆದಾಗ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಸಂಶೋಧಕರೂ ಕೈಗೆತ್ತಿಕೊಂಡಿದ್ದಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಡೇವಿಡ್ ಐಗನ್, ದಿಲೀಪ್ ಕೃಷ್ಣನ್ ಮತ್ತು ರಾಬ್ ಫರ್ಗಸ್ 2013ರಲ್ಲಿ ಕೊಳೆ ಗಾಜಿನ ಚಿತ್ರಗಳನ್ನೂ ಅವುಗಳ ಶುಭ್ರ ಜೋಡಿಗಳನ್ನೂ ತೋರಿಸಿ ಕಂಪ್ಯೂಟರಿಗೆ ಒಂದರಿಂದ ಇನ್ನೊಂದನ್ನು ಊಹಿಸಲು ಕಲಿಸಿದರು. 2018ರಲ್ಲಿ ಇನ್ನೊಂದು ತಂಡ ಹನಿಗಳಿಗಾಗಿಯೇ 1,119 ಜೋಡಿ ಚಿತ್ರ ತೆಗೆಯಿತು. ಅವರ ಬುದ್ಧಿವಂತಿಕೆ ಇದ್ದದ್ದು ಗಾಜಿನಲ್ಲಿ. ಹನಿಯಿಲ್ಲದ ಚಿತ್ರಕ್ಕೆ ಗಾಜನ್ನೇ ತೆಗೆದುಬಿಟ್ಟರೆ ಬೆಳಕು ಬಾಗುವ ರೀತಿ ಬದಲಾಗಿ ಎರಡು ಚಿತ್ರ ಹೊಂದುವುದಿಲ್ಲ. ಅದಕ್ಕೆ ಒಂದೇ ಅಳತೆಯ ಎರಡು ಗಾಜು ಇಟ್ಟುಕೊಂಡು, ಒಂದಕ್ಕೆ ಮಾತ್ರ ನೀರು ಚಿಮುಕಿಸಿದರು.

ಹೀಗೆ ಕಲಿತ ಕಂಪ್ಯೂಟರು ಹನಿಯ ಜಾಗದಲ್ಲಿ ಎಲೆ, ಹುಲ್ಲು, ಗೋಡೆ ಎಲ್ಲವನ್ನೂ ನಂಬುವಂತೆ ಬರೆಯುತ್ತದೆ. ಆದರೆ ಅದು ತೋರಿಸುವ ಎಲೆ ಘಾಟಿಯದ್ದಲ್ಲ, ಕಲಿಯುವಾಗ ಕಂಡ ಸಾವಿರ ಚಿತ್ರಗಳ ನೆನಪಿನದ್ದು. ಹನಿ ನಿಲ್ದಾಣದ ನಾಮಫಲಕದ ಮೇಲೆ ಬಿದ್ದಿದ್ದರೆ, ‘ಎಡಕುಮೇರಿ’ಯ ನಡುವೆ ಯಾವ ಲಿಪಿಗೂ ಸೇರದ, ದೂರದಿಂದ ಅಕ್ಷರದಂತೆಯೇ ತೋರುವ ಒಂದು ಗುಂಡು ಗೀಟು ಬಂದು ಕೂತಿರಬಹುದು.