ದಾಳದ ಆರು, ಎರಡು ನಾಣ್ಯ, ನಾಲ್ಕು ಕವಡೆ

ಆರರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಸಂಭವನೀಯತೆಯನ್ನು ಕಲಿಸುವಾಗ ಸೂತ್ರಕ್ಕಿಂತ ಮೊದಲು ಬರಬೇಕಾದದ್ದು ಒಂದು ಪ್ರಶ್ನೆ: ದಾಳದಲ್ಲಿ ಯಾವ ಸಂಖ್ಯೆ ಬೀಳುವುದು ಕಷ್ಟ? ಬಹಳಷ್ಟು ಮಕ್ಕಳ ಉತ್ತರ ಆರು. ಇದಕ್ಕೆ ಕಾರಣ ಲೂಡೋ. ಕಾಯಿ ಮನೆಯಿಂದ ಹೊರಡಬೇಕಾದರೆ ಆರು ಬೀಳಬೇಕು, ಅದು ಬೀಳದೆ ಕೈಕಟ್ಟಿ ಕೂತ ನೆನಪು ಎಲ್ಲರಿಗೂ ಇರುತ್ತದೆ. ಮೂರು ಬೀಳಲಿ ಎಂದು ಯಾರೂ ಕಾದು ಕೂರುವುದಿಲ್ಲ, ಆದ್ದರಿಂದ ಮೂರು ಎಷ್ಟು ಸಲ ತಪ್ಪಿತು ಎಂಬುದು ಯಾರ ನೆನಪಿನಲ್ಲೂ ಉಳಿದಿಲ್ಲ.

ಈ ನಂಬಿಕೆಯನ್ನು ತಪ್ಪು ಎಂದು ಹೇಳಿಬಿಟ್ಟರೆ ಮಕ್ಕಳು ತಲೆಯಾಡಿಸುತ್ತಾರೆ, ನಂಬುವುದಿಲ್ಲ. ಅದನ್ನು ಪರೀಕ್ಷೆಗೆ ಒಡ್ಡುವುದೇ ಪಾಠ. 40 ಮಕ್ಕಳ ತರಗತಿಯಾದರೆ 20 ಜೋಡಿ. ಪ್ರತಿ ಜೋಡಿಗೆ ಒಂದು ದಾಳ, 30 ಎಸೆತ. ಒಬ್ಬರು ಎಸೆಯುತ್ತಾರೆ, ಇನ್ನೊಬ್ಬರು ಗೀಟು ಹಾಕುತ್ತಾರೆ, ಐದನೇ ಗೀಟು ನಾಲ್ಕರ ಮೇಲೆ ಅಡ್ಡ. ದಾಳವನ್ನು ಚಪ್ಪಲಿ ಡಬ್ಬಿಯ ಮುಚ್ಚಳದೊಳಗೆ ಉರುಳಿಸಿದರೆ ಬೆಂಚಿನ ಕೆಳಗೆ ಹುಡುಕುವ ಕೆಲಸ ತಪ್ಪುತ್ತದೆ. ಅಂಚಿಗೆ ಒರಗಿ ನಿಂತ ದಾಳವನ್ನು ಮತ್ತೆ ಎಸೆಯಬೇಕು ಎಂಬ ನಿಯಮವನ್ನು ಮೊದಲೇ ಹೇಳಿರಬೇಕು. ಇಲ್ಲವಾದರೆ ಬೇಕಾದ ಸಂಖ್ಯೆ ಬಂದಾಗ ಅದನ್ನು ಎಣಿಸಿ, ಬೇಡವಾದಾಗ ಬಿಡುವ ಚಾಳಿ ಶುರುವಾಗುತ್ತದೆ. ಎಸೆಯುವ ಮುನ್ನವೇ ಪ್ರತಿ ಮಗುವೂ 30ರಲ್ಲಿ ಎಷ್ಟು ಆರು ಬೀಳಬಹುದೆಂದು ಬರೆದಿಡಬೇಕು. ಊಹೆ ಕಾಗದದ ಮೇಲಿರದಿದ್ದರೆ ಕೊನೆಗೆ ಎಲ್ಲರೂ ತಮಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ.

ಒಂದು ಜೋಡಿಗೆ ಎರಡೇ ಆರು ಬೀಳಬಹುದು, ಪಕ್ಕದವರಿಗೆ ಒಂಬತ್ತು ಬೀಳಬಹುದು. 30 ಎಸೆತಗಳಲ್ಲಿ ಇಷ್ಟು ಏರುಪೇರು ಸಹಜ. ಈ ಹಂತದಲ್ಲೇ ಪಾಠ ನಿಲ್ಲಿಸಿದರೆ ಎರಡು ಆರು ಕಂಡ ಮಗುವಿನ ನಂಬಿಕೆ ಇನ್ನಷ್ಟು ಬಲವಾಗುತ್ತದೆ. ಎಲ್ಲರ ಗೀಟುಗಳನ್ನೂ ಕರಿಹಲಗೆಯ ಮೇಲೆ ಕೂಡಿಸಿದಾಗ ಒಟ್ಟು 600 ಎಸೆತಗಳಾಗುತ್ತವೆ. ಆಗ ಆರೂ ಸಂಖ್ಯೆಗಳು ನೂರರ ಆಸುಪಾಸಿಗೆ ಬಂದು ನಿಲ್ಲುತ್ತವೆ, ಸಾಮಾನ್ಯವಾಗಿ 80ರಿಂದ 120ರ ಒಳಗೆ. ಆರಕ್ಕೆ ಯಾವ ವಿಶೇಷವೂ ಇಲ್ಲವೆಂಬುದು ಸ್ತಂಭನಕ್ಷೆ ಬರೆದರೆ ಕಣ್ಣಿಗೇ ಕಾಣುತ್ತದೆ. ಯಾವುದಾದರೂ ಸಂಖ್ಯೆ 150 ದಾಟಿದರೆ ದಾಳವನ್ನೋ ಎಣಿಕೆಯನ್ನೋ ಅನುಮಾನಿಸಬೇಕು.

ಹಾಗಾದರೆ ಲೂಡೋ ಆಡುವವರ ಅನುಭವ ಸುಳ್ಳೇ? ಅಲ್ಲ. ಅವರು ಹೋಲಿಸುತ್ತಿರುವುದು ಆರನ್ನು ಮೂರರೊಂದಿಗೆ ಅಲ್ಲ, ಉಳಿದ ಐದೂ ಸಂಖ್ಯೆಗಳ ಗುಂಪಿನೊಂದಿಗೆ. ಆರು ಬೀಳುವ ಸಂಭವನೀಯತೆ 1/6, ಬೀಳದಿರುವುದು 5/6. ಮೊದಲ ಹತ್ತು ಎಸೆತಗಳಲ್ಲಿ ಒಂದೂ ಆರು ಕಾಣದಿರುವ ಸಂಭವನೀಯತೆ ಸುಮಾರು 0.16. ಅಂದರೆ 40 ಮಕ್ಕಳು ಹತ್ತತ್ತು ಸಲ ಎಸೆದರೆ ಆರೇಳು ಮಂದಿ ಬರಿಗೈಯಲ್ಲಿ ಉಳಿಯುವುದು ನಿರೀಕ್ಷಿತವೇ. ಇಂದು ಗರ ಬೀಳಲಿಲ್ಲ ಎಂದು ಅವರು ಗ್ರಹಗತಿಯನ್ನು ದೂರಬೇಕಾಗಿಲ್ಲ.

ಎಸೆತ ಹೆಚ್ಚಿದಂತೆ ಲೆಕ್ಕ ಸಮವಾಗುತ್ತದೆ ಎಂಬ ಮಾತಿನಲ್ಲೂ ಒಂದು ಹಳ್ಳವಿದೆ. ನಾಣ್ಯದಲ್ಲಿ ಸತತ ನಾಲ್ಕು ಹೆಡ್ ಬಿದ್ದರೆ ಮುಂದಿನದು ಟೇಲ್ ಆಗಲೇಬೇಕು ಎಂದು ಮಕ್ಕಳು ಅರ್ಥಮಾಡಿಕೊಳ್ಳುತ್ತಾರೆ. ಹತ್ತು ಎಸೆತದಲ್ಲಿ ಏಳು ಹೆಡ್ ಬಿದ್ದರೆ ಅದು ಶೇ. 70, ನಿರೀಕ್ಷೆಗಿಂತ ಎರಡು ಹೆಚ್ಚು. ಎರಡನೇ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧಿತನಾಗಿದ್ದ ಗಣಿತಜ್ಞ ಜಾನ್ ಕೆರಿಕ್ ಒಂದು ನಾಣ್ಯವನ್ನು 10,000 ಸಲ ಚಿಮ್ಮಿದಾಗ 5,067 ಹೆಡ್ ಬಿದ್ದವು. ಇಲ್ಲಿ ಹೆಚ್ಚುವರಿ 67, ಆದರೆ ಪ್ರಮಾಣ ಶೇ. 50.67. ಹೆಚ್ಚುವರಿ ಕರಗಿಲ್ಲ, ಬೆಳೆದಿದೆ. ಎಸೆತಗಳ ರಾಶಿ ಅದಕ್ಕಿಂತ ಬಹಳ ದೊಡ್ಡದಾಗಿ ಬೆಳೆದಿದ್ದರಿಂದ ಪ್ರಮಾಣ ಅರ್ಧದ ಹತ್ತಿರಕ್ಕೆ ಬಂದಿದೆ. ನಾಣ್ಯ ಹಿಂದಿನ ಬಾಕಿಯನ್ನು ತೀರಿಸುವುದಿಲ್ಲ.

ಮುಂದಿನ ಹೆಜ್ಜೆ ಎರಡು ನಾಣ್ಯಗಳದ್ದು, ಹೆಚ್ಚು ತಪ್ಪುಗಳಾಗುವುದು ಇಲ್ಲಿಯೇ. ಮೂವರು ಮಕ್ಕಳ ಒಂದೊಂದು ಗುಂಪು ಮಾಡಿ ಆಟ ಕಟ್ಟಬಹುದು. ಎರಡೂ ಹೆಡ್ ಬಿದ್ದರೆ ಮೊದಲನೆಯವರಿಗೆ ಅಂಕ, ಎರಡೂ ಟೇಲ್ ಬಿದ್ದರೆ ಎರಡನೆಯವರಿಗೆ, ಒಂದು ಹೆಡ್ ಒಂದು ಟೇಲ್ ಆದರೆ ಮೂರನೆಯವರಿಗೆ. ಆಟ ನ್ಯಾಯವಾಗಿದೆಯೇ ಎಂದು ಮೊದಲೇ ಕೇಳಿದರೆ ಮೂರು ಫಲಿತ, ಮೂವರು ಆಟಗಾರರು, ಎಲ್ಲ ಸರಿ ಎಂಬ ಉತ್ತರವೇ ಹೆಚ್ಚು. 20 ಸಲ ಚಿಮ್ಮುವಷ್ಟರಲ್ಲಿ ಹೆಚ್ಚಿನ ಗುಂಪುಗಳಲ್ಲಿ ಮೂರನೆಯವರು ಮುಂದಿರುತ್ತಾರೆ, ಉಳಿದಿಬ್ಬರಿಂದ ಮೋಸದ ಆರೋಪವೂ ಕೇಳಿಬರುತ್ತದೆ. ಹನ್ನೆರಡು ಗುಂಪುಗಳ 240 ಎಸೆತಗಳನ್ನು ಕೂಡಿಸಿದರೆ ಸುಮಾರು 60, 60, 120 ಎಂಬ ಹಂಚಿಕೆ ಕಾಣುತ್ತದೆ.

ವಿವರಣೆ ಕೊಡುವಾಗ ಒಂದು ರೂಪಾಯಿಯ ನಾಣ್ಯ ಮತ್ತು ಐದು ರೂಪಾಯಿಯ ನಾಣ್ಯ ಬಳಸುವುದು ಉತ್ತಮ. ಸಿಂಹಗಳಿರುವ ಬದಿ ಹೆಡ್ ಎಂದು ಒಪ್ಪಿಕೊಂಡ ಮೇಲೆ, ಒಂದರಲ್ಲಿ ಹೆಡ್ ಐದರಲ್ಲಿ ಟೇಲ್ ಬೇರೆ, ಒಂದರಲ್ಲಿ ಟೇಲ್ ಐದರಲ್ಲಿ ಹೆಡ್ ಬೇರೆ ಎಂಬುದು ತಾನಾಗಿ ಕಾಣುತ್ತದೆ. ಫಲಿತಗಳು ಮೂರಲ್ಲ, ನಾಲ್ಕು. ಅವುಗಳಲ್ಲಿ ಎರಡು ಮೂರನೇ ಆಟಗಾರರ ಪಾಲು. ಒಂದೇ ಬಗೆಯ ಎರಡು ನಾಣ್ಯ ಹಿಡಿದರೆ ಈ ಭೇದ ಮರೆಯಾಗುತ್ತದೆ. ಮಕ್ಕಳು ಎಡವುವುದರಲ್ಲಿ ಆಶ್ಚರ್ಯವೂ ಇಲ್ಲ. ಫ್ರಾನ್ಸಿನ ಹೆಸರಾಂತ ಗಣಿತಜ್ಞ ಡಿ'ಅಲೆಂಬರ್ಟ್ 1754ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ, ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ಹೆಡ್ ಬೀಳುವ ಸಂಭವನೀಯತೆ 2/3 ಎಂದು ವಾದಿಸಿದ್ದ. ಮೊದಲ ಸಲವೇ ಹೆಡ್ ಬಿದ್ದರೆ ಎರಡನೇ ಸಲ ಚಿಮ್ಮಬೇಕಾಗಿಲ್ಲ, ಆದ್ದರಿಂದ ಸನ್ನಿವೇಶಗಳು ಮೂರೇ ಎಂಬುದು ಅವನ ತರ್ಕ. ಆ ಮೂರೂ ಸಮತೂಕದವಲ್ಲ, ಮೊದಲನೆಯದೊಂದೇ ಅರ್ಧ ಪಾಲು ತೆಗೆದುಕೊಳ್ಳುತ್ತದೆ. ಸರಿಯುತ್ತರ 3/4.

ಫಲಿತಗಳನ್ನು ಎಣಿಸಿ ಭಿನ್ನರಾಶಿ ಬರೆಯುವ ಈ ದಾರಿ ನಡೆಯುವುದು ಎಲ್ಲ ಬದಿಗಳೂ ಸಮಾನವಾಗಿದ್ದಾಗ ಮಾತ್ರ. ಅದರ ಮಿತಿಯನ್ನು ತೋರಿಸಲು ಚೌಕಾಬಾರದ ಕವಡೆಗಳಿಗಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಈ ಆಟದಲ್ಲಿ ಸಾಮಾನ್ಯವಾಗಿ ನಾಲ್ಕು ಕವಡೆ ಎಸೆದು ಬಾಯಿ ಮೇಲಾದವುಗಳನ್ನು ಎಣಿಸುತ್ತಾರೆ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಮಗುಚಿದರೆ ಬಾರ, ಎಂಟು ಮನೆ. ಕವಡೆ ನಾಣ್ಯದಂತೆ ವರ್ತಿಸುವುದಾದರೆ ಚೌಕ, ಬಾರ ಎರಡಕ್ಕೂ ಸಂಭವನೀಯತೆ 1/16, ಅಂದರೆ 160 ಎಸೆತಗಳಲ್ಲಿ ತಲಾ ಹತ್ತರಷ್ಟು. ಆದರೆ ಕವಡೆಯ ಒಂದು ಬದಿ ಉಬ್ಬು, ಇನ್ನೊಂದು ಚಪ್ಪಟೆ. ಅದು ಅರ್ಧರ್ಧ ಬೀಳಬೇಕೆಂಬ ಕಟ್ಟಳೆಯಿಲ್ಲ. ಒಂದು ಜೊತೆಯ ಕವಡೆಗಳು ನೂರರಲ್ಲಿ 42 ಸಲ ಬಾಯಿ ಮೇಲಾಗುತ್ತವೆ ಎಂದುಕೊಂಡರೆ, 160 ಎಸೆತಗಳಲ್ಲಿ ಚೌಕ ಸುಮಾರು ಐದು ಸಲ ಬೀಳುತ್ತದೆ, ಬಾರ ಸುಮಾರು ಹದಿನೆಂಟು ಸಲ. ಸಣ್ಣ ಓರೆ ಇಷ್ಟು ದೊಡ್ಡ ಅಂತರವಾಗುತ್ತದೆ.

ನಿಜವಾದ ಪ್ರಮಾಣವನ್ನು ಕವಡೆಯ ಆಕಾರ ನೋಡಿ ಹೇಳಲಾಗದು, ಎಸೆದು ಎಣಿಸಿಯೇ ತಿಳಿಯಬೇಕು. ಒಂದು ಕವಡೆ ಇನ್ನೊಂದರಂತಿರುವುದಿಲ್ಲವಾದ್ದರಿಂದ ಪ್ರತಿಯೊಂದಕ್ಕೂ ಶಾಯಿಯ ಗುರುತು ಹಾಕಿ, ಅದರ ಲೆಕ್ಕವನ್ನು ಪ್ರತ್ಯೇಕವಾಗಿ ಬರೆದಿಡಬೇಕು.